ಮಾವಿನ ದರ ತರುವ ಪ್ರೋಗ್ರಾಂ

ಶ್ರೀನಿವಾಸಪುರದ ಮಂಡಿಯ ಎದುರು ನನ್ನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಟೈಪಿಂಗ್, ಪ್ರಿಂಟ್, ಬ್ರೌಸಿಂಗ್ ಅದರ ವ್ಯಾಪಾರ. ಬಿಡುವಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವುದು ನನ್ನ ಚಟ.

ನಮ್ಮ ಕಡೆ ಮಾವಿನ ತೋಟವನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಆ ವರ್ಷ ಅಕ್ಕ ಕೊಡಲಿಲ್ಲ. ಕಾಯಿ ತಾನೇ ಕೀಳಿಸಿ ತಾನೇ ಮಾರುತ್ತೇನೆ ಎಂದು ಹಟ ಹಿಡಿದಳು. ಸೋತರೆ ಮುಂದಿನ ವರ್ಷ ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಪ್ರತಿ ವರ್ಷ ನಮ್ಮ ತೋಟ ಹಿಡಿಯುತ್ತಿದ್ದ ಗುತ್ತಿಗೆದಾರನಿಗೂ ಗೊತ್ತಿತ್ತು.

ಬೇರೆ ಊರುಗಳ ದರ ದಿನಾ ಬೆಳಿಗ್ಗೆ ಒಂದು ವೆಬ್‌ಸೈಟಿನಲ್ಲಿ ಬರುತ್ತಿತ್ತು. ಅದನ್ನು ಇಳಿಸಿಕೊಳ್ಳಲು ಒಂದು ಪ್ರೋಗ್ರಾಂ ಬರೆದೆ. ಮೊದಲು ಬರೆದದ್ದು ಪುಟ ಸಿಗದಿದ್ದರೆ ತಕ್ಷಣ ಮತ್ತೆ ಕೇಳುತ್ತಿತ್ತು. ಬಾಗಿಲು ಬಡಿಯುತ್ತಲೇ ಇರುವ ನೆಂಟನ ಹಾಗೆ. ಆ ಕಡೆಯ ಸರ್ವರ್ ಮೊದಲೇ ಸುಸ್ತಾಗಿದ್ದರೆ ಅದಕ್ಕೆ ಇನ್ನಷ್ಟು ಕಾಟ. ಆದ್ದರಿಂದ ಪ್ರತಿ ಸೋಲಿಗೂ ಕಾಯುವ ಹೊತ್ತು ಇಮ್ಮಡಿಯಾಗುವಂತೆ ಮಾಡಿದೆ: ಒಂದು ಸೆಕೆಂಡು, ಎರಡು, ನಾಲ್ಕು, ಎಂಟು, ಹೀಗೆ. ಪುಟವೇ ಇಲ್ಲವೆಂಬ ಉತ್ತರ ಬಂದರೆ ಮತ್ತೆ ಕೇಳದೆ ನಿಲ್ಲಿಸಬೇಕೆಂದೂ ಬರೆದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಅಕ್ಕನ ಮೊದಲ ಕೊಯ್ಲಿನ ದಿನ ಸೈಟು ಬೆಳಗಿನಿಂದಲೇ ಸತ್ತುಬಿದ್ದಿತ್ತು. ಟ್ರಾಕ್ಟರ್ ತುಂಬ ಕಾಯಿ, ಮಂಡಿಯಲ್ಲಿ ಹೊರಟು ನಿಂತ ಮದರಾಸಿನ ಲಾರಿ. ಅಲ್ಲಿ ದರ ಚೆನ್ನಾಗಿದ್ದರೆ ಲಾರಿಗೆ ಹಾಕಬೇಕು, ಇಲ್ಲದಿದ್ದರೆ ಇಲ್ಲೇ ಹರಾಜು. ಗುತ್ತಿಗೆದಾರನೂ ಬಂದು ನನ್ನ ಬೆಂಚಿನ ಮೇಲೆ ಕೂತ.

"ಹೂವಲ್ಲೇ ನನಗೆ ಕೊಟ್ಟಿದ್ರೆ ಈ ಕಾಯೋ ಕೆಲಸ ಇರ್ತಿರ್ಲಿಲ್ಲ ಅಲ್ವೇನಮ್ಮಾ" ಎಂದ.

ಅಕ್ಕ ನನ್ನ ಕಡೆ ತಿರುಗಿದಳು. "ಏನೋ, ಬಂತೇನೋ?" ಎಂದು ನನ್ನನ್ನು ಕೇಳಿದಳು.

"ಇಲ್ಲ ಕಣಕ್ಕ, ಕಾಯ್ತಾ ಇದೆ."

"ಇನ್ನೂ ಎಷ್ಟೊತ್ತು ಕಾಯ್ತದೆ?"

ಆಗ ಪರದೆಯನ್ನು ಸರಿಯಾಗಿ ನೋಡಿದೆ. ಇಮ್ಮಡಿಯಾಗುತ್ತಾ ಹೋದ ಹೊತ್ತು ಅರ್ಧ ಗಂಟೆ ದಾಟಿತ್ತು. ಕಾಯುವುದಕ್ಕೆ ಮಿತಿಯನ್ನೇ ಹಾಕಿರಲಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಸೈಟು ತೆರೆದೆ, ತಟ್ಟನೆ ತೆರೆದುಕೊಂಡಿತು. ಅದು ಯಾವಾಗ ಎದ್ದಿತ್ತೋ ಏನೋ, ನನ್ನ ಪ್ರೋಗ್ರಾಂ ಮಾತ್ರ ಮರ್ಯಾದೆಯಿಂದ ನಿದ್ದೆ ಮಾಡುತ್ತಿತ್ತು. ಸಿಟ್ಟು ಬಂತು.

ಮದರಾಸಿನ ದರ ಓದಿ ಹೇಳಿದೆ, ಇಲ್ಲಿಗಿಂತ ಚೆನ್ನಾಗಿತ್ತು. ಅಕ್ಕ ಆಗಲೇ ಮೆಟ್ಟಿಲಿಳಿದು ಡ್ರೈವರನ್ನು ಕೂಗುತ್ತಿದ್ದಳು. ಆಗಷ್ಟೇ ಹೊರಟಿದ್ದ ಲಾರಿ ನಿಂತಿತು.

ಅಂದೇ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಎಷ್ಟೇ ಸಲ ಸೋತರೂ ಒಂದು ನಿಮಿಷಕ್ಕಿಂತ ಹೆಚ್ಚು ಕಾಯಬೇಡ.

ಮುಂದಿನ ವರ್ಷಕ್ಕಾದರೂ ತೋಟ ಕೊಡಿ ಎಂದು ಗುತ್ತಿಗೆದಾರ ಮತ್ತೆ ಕೇಳಲು ಮಾರನೆಯ ದಿನವೇ ಬಂದ. ಆಮೇಲೆ ವಾರ ಬಿಟ್ಟು, ತಿಂಗಳು ಬಿಟ್ಟು, ಕೊನೆಗೆ ಹೂ ಬಿಡುವ ಕಾಲಕ್ಕೆ ಬಂದ. ಅಕ್ಕ ಪ್ರತಿ ಸಲವೂ ಕಾಫಿ ಕೊಟ್ಟು ಕಳಿಸಿದಳು. ಅದರ ಮರುವರ್ಷ ಮರಗಳು ಹೂ ಬಿಟ್ಟಾಗ ಅವನು ಬರಲಿಲ್ಲ.