ಎಡಿಟರಿಗೆ ಬರೆದ ನಾಲ್ಕು ಹಾಳೆ

ನಮ್ಮ ಕಡೆಯ ಬಹಳಷ್ಟು ಬ್ಯಾರಿ ಮುಸಲ್ಮಾನರ ಮನೆಗಳಲ್ಲಿ ಮದುವೆಯ ಹೆಂಗಸರ ಭಾಗಕ್ಕೆ ಗಂಡಸರ ಕ್ಯಾಮೆರಾ ಹೋಗುವಂತಿಲ್ಲ. ನನ್ನ ಸಂಪಾದನೆ ಶುರುವಾದದ್ದೇ ಆ ಕಟ್ಟುಪಾಡಿನಿಂದ. ಮಂಗಲ್ಪಾಡಿಯಲ್ಲಿ ನನ್ನ ಗಂಡನಿಗೊಂದು ಫೋಟೋ ಸ್ಟುಡಿಯೋ ಇತ್ತು. ಕೌಂಟರಿನಲ್ಲಿ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ನನ್ನ ಕೈಗೆ ಅವರು ಒಂದು ದಿನ ವಿಡಿಯೋ ಕ್ಯಾಮೆರಾ ಕೊಟ್ಟು, "ಒಳಗೆ ನೀನೇ ಹೋಗು, ನನಗೆ ಬಾಗಿಲಲ್ಲೇ ತಡೆ" ಎಂದರು. ಹಾಗೆ ಹೋದವಳು ಆರು ವರ್ಷ ಉಪ್ಪಳ, ಹೊಸಂಗಡಿ, ಕುಂಬಳೆ ಎಂದು ಸುತ್ತಿದೆ. ಮದರಂಗಿಯ ದಿನ ಹೆಂಗಸರ ನಡುವೆ ಕ್ಯಾಮೆರಾ ಹಿಡಿಯುವವಳು ಅಂದರೆ ನಾನೊಬ್ಬಳೇ ಎಂಬ ಸ್ಥಿತಿ ಇತ್ತು. ಅದು ನನ್ನ ತಲೆಗೆ ಏರಿತ್ತು.

ಚಿತ್ರೀಕರಿಸಿದ್ದನ್ನು ಕತ್ತರಿಸಿ ಜೋಡಿಸುವುದಕ್ಕೂ ಹೆಂಗಸೇ ಬೇಕು ಎಂದು ಮದುವೆ ಮನೆಯವರು ಹೇಳುತ್ತಿದ್ದರು. ಕುಂಬಳೆಯಲ್ಲಿ ತನ್ನ ಮನೆಯ ಮಾಳಿಗೆ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಎಡಿಟಿಂಗ್ ಮಾಡುತ್ತಿದ್ದ ಒಬ್ಬಳು ಹುಡುಗಿ ಸಿಕ್ಕಿದಳು. ಬ್ಯಾರಿ ಮನೆಯವಳು, ಓದಿದ್ದು ಕನ್ನಡ ಶಾಲೆಯಲ್ಲಿ. ಮಾತು ಕಡಿಮೆ, ಕೆಲಸ ಚೊಕ್ಕ. ನಾನು ಹಾರ್ಡ್ ಡಿಸ್ಕ್ ಕೊಟ್ಟು ಬರುತ್ತಿದ್ದೆ, ಹದಿನೈದು ದಿನಕ್ಕೆ ಎರಡು ಗಂಟೆಯ ಪೂರ್ತಿ ವಿಡಿಯೋ ಮತ್ತು ಐದು ನಿಮಿಷದ ಹೈಲೈಟ್ಸ್ ತಯಾರಾಗುತ್ತಿತ್ತು.

ಫೋನಿನಲ್ಲಿ ಎಲ್ಲರಿಗೂ ಅಗ್ಗದ ನೆಟ್ ಬಂದ ಕಾಲಕ್ಕೆ ಹೊಸಂಗಡಿಯಲ್ಲಿ ಇನ್ನೊಬ್ಬಳು ಹುಟ್ಟಿಕೊಂಡಳು. ಹುಟ್ಟಿಕೊಂಡಳು ಎಂದೇ ಆಗ ಹೇಳುತ್ತಿದ್ದೆ, ಅಣಬೆಯ ಹಾಗೆ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ನಮ್ಮ ಹಾಗೆ ಮನೆಯಲ್ಲಿ ತುಳು ಮಾತಾಡುವವಳು. ಕಂಪ್ಯೂಟರ್ ಕಲಿಸುವ ಕೆಲಸ ಬಿಟ್ಟು ಕ್ಯಾಮೆರಾ ಕೊಂಡಿದ್ದಳು. ಅವಳಿಗೂ ಹೆಣ್ಣು ಎಡಿಟರ್ ಬೇಕು. ಇದ್ದವಳು ಒಬ್ಬಳೇ. ಹಾಗಾಗಿ ಅವಳ ಹಾರ್ಡ್ ಡಿಸ್ಕೂ ಅದೇ ಮಾಳಿಗೆ ಹತ್ತಿತು.

ಉಪ್ಪಳದ ಒಂದು ಮನೆಯ ದೊಡ್ಡ ಮಗಳ ಮದುವೆಯ ವಿಡಿಯೋ ನಾನು ಮಾಡಿದ್ದೆ. ಮರುವರ್ಷ ಎರಡನೆಯ ಮಗಳ ಮದುವೆ. ಕರೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಆ ಮನೆಯ ಅಮ್ಮ ಎದುರಾದಾಗ ಕೇಳಿಯೇಬಿಟ್ಟೆ.

"ಬೇಜಾರು ಮಾಡ್ಬೇಡಿ ಅಕ್ಕ," ಎಂದರು. "ನಾದಿನಿ ಮನೆಯಲ್ಲಿ ಹೊಸಂಗಡಿಯವಳು ಮಾಡಿದ್ದು ನೋಡಿದೆವು. ನನಗೆ ಕಣ್ಣಲ್ಲಿ ನೀರು ಬಂತು. ನಿಮ್ಮದೂ ಒಳ್ಳೇದೇ ಉಂಟು. ಆದ್ರೆ ಅದಕ್ಕೆ ಸಿನಿಮಾ ಪದ್ಯ ಹಾಕಿದ್ದೀರಲ್ಲ, ನಮ್ಮ ಅಜ್ಜಿ ಎದ್ದು ಒಳಗೆ ಹೋದ್ರು. ಅವರಿಗೆ ವಾದ್ಯ ಆಗುವುದಿಲ್ಲ, ಧರ್ಮಕ್ಕೆ ವಿರುದ್ಧ ಅಂತ."

ಮುಖದಲ್ಲಿ ನಗು ಇಟ್ಟುಕೊಂಡೇ ಆಟೋ ಹತ್ತಿದೆ. ದಾರಿಯುದ್ದಕ್ಕೂ ನನ್ನ ಲೆಕ್ಕ ಒಂದೇ: ಕ್ಯಾಮೆರಾ ಹಿಡಿಯುವುದರಲ್ಲಿ ಅವಳು ನನಗಿಂತ ಮೇಲಾಗಲು ಸಾಧ್ಯವಿಲ್ಲ. ಕತ್ತರಿಸುವ ಕೈ ಇಬ್ಬರಿಗೂ ಒಂದೇ. ಹಾಗಾದರೆ ಆ ಕೈ ಅವಳಿಗೊಂದು, ನನಗೊಂದು ಮಾಡುತ್ತಿದೆ.

ಮರುದಿನವೇ ಕುಂಬಳೆಗೆ ಹೋದೆ. ಎಡಿಟರ್ ಹುಡುಗಿ ಹೆಡ್‌ಫೋನ್ ತೆಗೆದು ನೋಡಿದಳು.

"ಅವಳದ್ದು ಪ್ರೀತಿಯಲ್ಲಿ ಮಾಡ್ತಿ, ನನ್ನದು ಬೆಂಡೆಕಾಯಿ ಕೊಚ್ಚಿದ ಹಾಗೆ ಕೊಚ್ತಿ. ಉಪ್ಪಳದ ಮನೆಯ ಅಜ್ಜಿಗೆ ವಾದ್ಯ ಆಗುವುದಿಲ್ಲವಂತೆ, ನೀನು ಹಾಕಿದ ಪದ್ಯ ಕೇಳಿ ಎದ್ದು ಹೋದ್ರಂತೆ. ಎಂತ ನಾನು ನಿನಗೆ ಕಡಿಮೆ ಮಾಡಿದ್ದು?" ಎಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ಡ್ರಾಯರಿನಿಂದ ನಾನು ದೊಡ್ಡ ಮಗಳ ಮದುವೆಯ ಡಿಸ್ಕಿನ ಜೊತೆ ಕೊಟ್ಟಿದ್ದ ಚೀಟಿ ತೆಗೆದು ಮುಂದಿಟ್ಟಳು. ನನ್ನದೇ ಅಕ್ಷರ: "ಹೈಲೈಟ್ ಐದು ನಿಮಿಷ. ಒಳ್ಳೆ ಪದ್ಯ ಹಾಕು. ಚೆಂದ ಮಾಡು."

"ಚೆಂದ ಅಂದ್ರೆ ಎಂತ ಅಕ್ಕ?" ಎಂದು ಕೇಳಿದಳು. "ಮೂರು ಗಂಟೆಯ ಫುಟೇಜ್ ಕೊಡ್ತೀರಿ. ಅದರಲ್ಲಿ ಯಾರು ಅತ್ತೆ, ಯಾರು ಪಕ್ಕದ ಮನೆಯವರು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಅಜ್ಜಿಗೆ ವಾದ್ಯ ಆಗುವುದಿಲ್ಲ ಅಂತ ಯಾರು ಹೇಳಿದ್ದು ನನಗೆ? ಹೊಸಂಗಡಿಯವಳು ಎಲ್ಲ ಬರೆದು ಕೊಡ್ತಾಳೆ."

ಅಷ್ಟು ಹೇಳಿ ಚಹಾ ತರಲು ಕೆಳಗೆ ಹೋದಳು. ಮೇಜಿನ ಮೇಲೆ, ಕೀಬೋರ್ಡಿನ ಕೆಳಗೆ, ನಾಲ್ಕು ಹಾಳೆ ಕಾಣುತ್ತಿತ್ತು. ಅಕ್ಷರ ಗುಂಡಗೆ, ಶಾಲೆಯ ಹುಡುಗಿಯ ಹಾಗೆ. ಅದು ಹೊಸಂಗಡಿಯವಳದ್ದು ಎಂದು ತಿಳಿಯಲು ಹೆಸರು ಓದಬೇಕಾಗಿರಲಿಲ್ಲ. ನಾನು ಎಳೆದು ಓದಿದೆ.

ಮೊದಲ ಹಾಳೆಯಲ್ಲಿ ಯಾರು ಯಾರು ಎಂಬ ಪಟ್ಟಿ. ಹಸಿರು ಸೀರೆ ಮದುಮಗಳ ತಾಯಿ, ಕನ್ನಡಕದವರು ಸಾಕಿದ ಚಿಕ್ಕಮ್ಮ, ಇವರಿಬ್ಬರನ್ನು ಯಾವ ಕಾರಣಕ್ಕೂ ಬಿಡಬೇಡ. ಎರಡನೆಯದರಲ್ಲಿ ಮೂರು ವಿಡಿಯೋಗಳ ಲಿಂಕ್. ಒಂದೂ ಮದುವೆಯದ್ದಲ್ಲ! ಒಂದು ಎಲ್ಲಿಯದೋ ದೇಶದ ಹೆಂಗಸರು ರೊಟ್ಟಿ ತಟ್ಟುವುದು. ಪಕ್ಕದಲ್ಲಿ ಬರೆದಿದ್ದಳು: "ಒಂದು ನಿಮಿಷ ಹತ್ತರಿಂದ ಒಂದು ಐವತ್ತರವರೆಗೆ ನೋಡು. ಮುಖಕ್ಕಿಂತ ಮೊದಲು ಕೈ ಬರುತ್ತದೆ. ಮದರಂಗಿಗೆ ಹಾಗೆ ಬೇಕು. ಬಣ್ಣ ಇದರದ್ದು ಬೇಡ, ತುಂಬ ಹಳದಿ." ಮೂರನೆಯ ಹಾಳೆ ವೇಗದ್ದು. ಮೊದಲ ನಿಮಿಷ ಒಂದೊಂದು ಶಾಟ್ ನಾಲ್ಕೈದು ಸೆಕೆಂಡು ನಿಲ್ಲಲಿ. ಕೈಚಪ್ಪಾಳೆಯ ಹಾಡಿನಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ಬೇಡ, ಚಪ್ಪಾಳೆ ಬಿದ್ದಲ್ಲೇ ಕಟ್. ತಾಯಿ ಮಗಳನ್ನು ಅಪ್ಪಿದಾಗ ಹತ್ತು ಸೆಕೆಂಡು, ಮಧ್ಯ ಕತ್ತರಿ ತಾಗಿಸಬೇಡ. ನಾಲ್ಕನೆಯದು ಸಂಗೀತ. ಈ ಮನೆಯವರಿಗೆ ದಫ್‌ನ ಬಡಿತ ಆಗುತ್ತದೆ, ಬೇರೆ ವಾದ್ಯ ಬೇಡ. ಭಾವ ಖುಷಿಯದ್ದೇ, ಆದರೆ ಗಲಾಟೆಯದ್ದಲ್ಲ, ಮನೆಯಿಂದ ಒಬ್ಬಳು ಕಡಿಮೆಯಾಗುವ ಖುಷಿ. ಅಪ್ಪುಗೆ ಬರುವಾಗ ಸಂಗೀತ ನಿಲ್ಲಿಸಿ ಕೋಣೆಯ ಸದ್ದು ಮಾತ್ರ ಬಿಡು.

'ಒಬ್ಬಳು ಕಡಿಮೆಯಾಗುವ ಖುಷಿ' ಎಂಬಲ್ಲಿ ನನ್ನ ಕಣ್ಣು ನಿಂತಿತು. ಎಂಥ ಮಾತು! ಇದು ನನಗೇಕೆ ತೋಚಲಿಲ್ಲ? ಮೆಟ್ಟಿಲಲ್ಲಿ ಹೆಜ್ಜೆ ಕೇಳುವಷ್ಟರಲ್ಲಿ ಫೋನಿನಲ್ಲಿ ನಾಲ್ಕೂ ಹಾಳೆಯ ಫೋಟೋ ಹೊಡೆದು, ಹಾಳೆ ಇದ್ದಲ್ಲೇ ಇಟ್ಟೆ. ಚಹಾ ಕುಡಿದು, "ತಪ್ಪು ತಿಳ್ಕೊಳ್ಬೇಡ ಮಾರಾಯ್ತಿ, ಬಾಯಿಗೆ ಬಂದದ್ದು ಹೇಳಿದೆ" ಎಂದು ಒಳ್ಳೆಯವಳಾಗಿ ಬಂದೆ.

ಮುಂದಿನ ಮದುವೆ ಕುಂಬಳೆಯ ಹತ್ತಿರವೇ ಇತ್ತು. ಮುಗಿಸಿ ಬಂದು, ಅವಳ ಹಾಳೆಗಳನ್ನು ನೋಡಿಕೊಂಡು ನಾನೂ ನಾಲ್ಕು ಹಾಳೆ ಬರೆದೆ. ಜನರ ಗುರುತು ಬದಲಿಸಿದೆ. ರೊಟ್ಟಿಯ ವಿಡಿಯೋ ಬಿಟ್ಟು ಇನ್ನೊಂದು ಅಡುಗೆ ವಿಡಿಯೋ ಹುಡುಕಿ ಹಾಕಿದೆ. ಅಂಕಿಗಳು ಮಾತ್ರ ಅವಳವೇ. ಡಿಸ್ಕಿನ ಜೊತೆ ಕೊಟ್ಟು ಬಂದು ಕಾದೆ.

ಮೂರನೆಯ ದಿನ ಫೋನು ಬಂತು.

"ಅಕ್ಕ, ತಾಯಿ ಅಪ್ಪುವ ಶಾಟ್ ಹತ್ತು ಸೆಕೆಂಡು ನಿಲ್ಲಲಿ ಅಂತ ಬರೆದಿದ್ದೀರಿ."

"ಹೌದು."

"ನೀವು ತೆಗೆದದ್ದೇ ನಾಲ್ಕು ಸೆಕೆಂಡು. ಆಮೇಲೆ ಕ್ಯಾಮೆರಾ ಬಾಗಿಲಿಗೆ ತಿರುಗಿಸಿದ್ದೀರಿ. ಎಳೆದು ನಿಧಾನ ಮಾಡಿದ್ರೆ ಚಿತ್ರ ತಡೆದು ತಡೆದು ಹೋಗ್ತದೆ. ಕೈಯ ಶಾಟ್ ಮೊದಲು ಬೇಕು ಅಂದಿದ್ದೀರಿ, ಇಡೀ ಮದರಂಗಿಯಲ್ಲಿ ಕೈ ಹತ್ತಿರದಿಂದ ತೆಗೆದದ್ದು ಎರಡೇ ಉಂಟು." ಮತ್ತೆ ಕೇಳಿದಳು: "ಬರೆಯುವ ಮೊದಲು ಫುಟೇಜ್ ನೋಡಿದ್ದೀರಾ ಅಕ್ಕ?"

ನೋಡಿರಲಿಲ್ಲ. ಆ ಮದುವೆಯದ್ದು ಮಾತ್ರವಲ್ಲ, ಆರು ವರ್ಷದಲ್ಲಿ ನಾನು ತೆಗೆದದ್ದನ್ನು ಪೂರ್ತಿ ಕೂತು ನೋಡಿದ್ದೇ ಇಲ್ಲ. ಡಿಸ್ಕಿಗೆ ಹಾಕುವುದು, ಕೊಡುವುದು, ಅಷ್ಟೇ. ಹಾಳೆ ವಾಪಸು ಕಳಿಸು, ಎರಡು ದಿನ ಬಿಟ್ಟು ಬರೆದು ಕೊಡುತ್ತೇನೆ ಎಂದೆ.

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ನನ್ನಲ್ಲೇ ಇದ್ದ ಫುಟೇಜಿನ ಪ್ರತಿ ಹಾಕಿ, ಪೆನ್ನು ಹಿಡಿದು ಕೂತೆ. ಮೊದಲು ಕೇಳಿದ್ದು ನನ್ನದೇ ಸ್ವರ. "ಇಲ್ಲಿ ನೋಡಿ. ನಗಿ. ಕೈ ಎತ್ತಿ. ಸ್ವಲ್ಪ ಆಚೆ." ಪ್ರತಿ ಶಾಟಿನಲ್ಲೂ ನಾನೇ. ಹೆಂಗಸರು ಹಾಡುತ್ತಿದ್ದರೆ ಮೇಲಿಂದ ನನ್ನ ಕೂಗು. ಎಡಿಟರ್ ನನ್ನ ವಿಡಿಯೋಗಳಿಗೆ ಸಿನಿಮಾ ಪದ್ಯ ಯಾಕೆ ತುಂಬಿಸುತ್ತಿದ್ದಳು ಎಂದು ಆಗ ಅರ್ಥವಾಯಿತು. ನನ್ನ ಬಾಯಿ ಮುಚ್ಚಲು ಅವಳಿಗೆ ಬೇರೆ ದಾರಿ ಇರಲಿಲ್ಲ.

ಮೂರು ಗಂಟೆಯಲ್ಲಿ ಉದ್ದದ ಶಾಟ್ ಒಂದೇ ಒಂದು ಸಿಕ್ಕಿತು. ಸರ್ಬತ್ತು ಕುಡಿಯಲು ಹೋಗುವಾಗ ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾ ನಿಲ್ಲಿಸಲು ಮರೆತಿದ್ದೆ. ಮದುಮಗಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾಳೆ. ಹಿಂದೆ ಅವಳ ತಂಗಿ ನಿಂತು ತಲೆಯ ಬಟ್ಟೆಯ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತುಟಿಯಲ್ಲಿ ಕಚ್ಚಿಕೊಳ್ಳುತ್ತಾಳೆ. ಮಾತಿಲ್ಲ. ಕೊನೆಯ ಪಿನ್ನು ತೆಗೆದ ಮೇಲೆ ತಂಗಿ ಅಕ್ಕನ ನೆತ್ತಿಯ ಮೇಲೆ ಕೈ ಇಟ್ಟು ಹಾಗೇ ನಿಲ್ಲುತ್ತಾಳೆ. ಇಡೀ ಮದುವೆಯಲ್ಲಿ ಚೆಂದದ್ದು ಅದೊಂದು, ಅದನ್ನು ತೆಗೆದದ್ದು ನಾನಲ್ಲ.

ಸಂಗೀತದ ವಿಷಯ ಕೇಳಲು ಆ ಮನೆಗೇ ಹೋದೆ. ಅವರಿಗೆ ವಾದ್ಯದ ಅಡ್ಡಿ ಇರಲಿಲ್ಲ. "ಆದ್ರೆ ದುಃಖದ್ದು ಬೇಡ, ಅವಳಪ್ಪ ದುಬೈಯಲ್ಲಿ ಒಬ್ಬರೇ ಕೂತು ನೋಡುವುದು" ಎಂದರು ಮದುಮಗಳ ತಾಯಿ. ಅದನ್ನು ಹಾಗೆಯೇ ಬರೆದೆ. ಮಾದರಿಗೆ ಒಂದೇ ವಿಡಿಯೋ ಕೊಟ್ಟೆ, ಮೀನಿನ ಬಲೆ ಹೆಣೆಯುವ ಒಬ್ಬ ಮುದುಕನದ್ದು. ಬೆರಳು ಕೆಲಸ ಮಾಡುವಷ್ಟೂ ಹೊತ್ತು ಕ್ಯಾಮೆರಾ ಕದಲದೆ ಕಾಯುವುದನ್ನು ಮಾತ್ರ ನೋಡು ಎಂದೆ. ನನ್ನಲ್ಲಿ ಚಿಕ್ಕ ಶಾಟುಗಳೇ ಇದ್ದದ್ದರಿಂದ ಮೊದಲ ಎರಡು ನಿಮಿಷ ಎರಡೆರಡು ಸೆಕೆಂಡಿಗೆ ಓಡಲಿ, ಮದುವೆ ಮನೆಯ ಗಡಿಬಿಡಿಯ ಹಾಗೆ. ಪಿನ್ನಿನ ಶಾಟ್ ಬಂದಾಗ ಎಲ್ಲ ನಿಲ್ಲಲಿ, ಇಪ್ಪತ್ತು ಸೆಕೆಂಡು, ಸಂಗೀತವಿಲ್ಲದೆ. ನಾನು ಕೂಗಿದ ಜಾಗಗಳ ಸಮಯ ಬರೆದು, ಇಲ್ಲೆಲ್ಲ ಸದ್ದು ತೆಗೆ ಎಂದೆ. ಎರಡೂವರೆ ಹಾಳೆಯಾಯಿತು.

ಎಡಿಟರ್ ಓದಿ ಮುಗಿಸಿ, "ಇದು ನಿಮ್ಮದು" ಎಂದಳು. ಎಲ್ಲ ಗೊತ್ತಿದ್ದೇ ಹೇಳಿದ ಮಾತದು. ನನಗೆ ತಡೆಯಲಾಗಲಿಲ್ಲ. ಫೋಟೋ ಹೊಡೆದದ್ದು ಹೇಳಿದೆ.

"ಅಂಕಿ ನೋಡುವಾಗಲೇ ಗೊತ್ತಾಗಿತ್ತು," ಎಂದಳು. "ನಿಮ್ಮ ಹಾಳೆ ಅವಳು ಹೀಗೆ ಓದಿದ್ರೆ ನಿಮಗೆ ಆಗ್ತಿತ್ತಾ? ಜನ ನನ್ನನ್ನು ನಂಬಿ ಮನೆಯ ಹೆಂಗಸರ ವಿಡಿಯೋ ಕೊಡುವುದು ಅಕ್ಕ." ಆ ಮೇಲೆ ಅವಳು ನನ್ನನ್ನು ಮಾಳಿಗೆಗೆ ಕರೆಯಲಿಲ್ಲ. ಡಿಸ್ಕು ಕೆಳಗಿನ ಜಗುಲಿಯಲ್ಲೇ ತೆಗೆದುಕೊಳ್ಳುತ್ತಿದ್ದಳು. ಕೆಲಸ ಮಾತ್ರ ಮೊದಲಿಗಿಂತ ಚೆನ್ನಾಗಿ ಮಾಡಿದಳು.

ಆ ಐದು ನಿಮಿಷ ನೋಡಿ ಮದುಮಗಳ ತಾಯಿ ಫೋನು ಮಾಡಿ ಅತ್ತರು. ದುಬೈಯ ಅಪ್ಪ ಪಿನ್ನಿನ ಶಾಟನ್ನು ಮತ್ತೆ ಮತ್ತೆ ನೋಡಿದರಂತೆ. "ಅದು ತೆಗೆಯಲು ಹೇಗೆ ತೋಚಿತು ನಿಮಗೆ?" ಎಂದು ತಾಯಿ ಕೇಳಿದರು. "ನೋಡ್ತಾ ಇದ್ರೆ ಸಿಗ್ತದೆ" ಎಂದೆ. ಸರ್ಬತ್ತಿನ ವಿಷಯ ಹೇಳಲಿಲ್ಲ.

ಹೊಸಂಗಡಿಯವಳು ಮುಂದೊಂದು ದಿನ ಮದುವೆ ಹಾಲ್‌ನಲ್ಲಿ ಸಿಕ್ಕಿದಳು. ಅವಳು ಹುಡುಗನ ಕಡೆಯ ಹೆಂಗಸರಿಗೆ, ನಾನು ಹುಡುಗಿಯ ಕಡೆಗೆ. ಊಟದ ಹೊತ್ತಿಗೆ ಪಕ್ಕದಲ್ಲೇ ಬಂದು ಕೂತಳು. ನಾನೇ ಮಾತು ತೆಗೆದು ತಪ್ಪೊಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಕೇಳಿದ್ರೆ ನಾನೇ ಕೊಡ್ತಿದ್ದೆನಲ್ಲ ಅಕ್ಕ," ಎಂದಳು, ಅಷ್ಟೇ. ತಿರುಗಿ ಬಿರಿಯಾನಿಗೆ ಉಪ್ಪಿನಕಾಯಿ ಹಾಕಿಸಿಕೊಂಡಳು. ಕೊಡುತ್ತಿದ್ದಳು ಎಂದು ನನಗೆ ಖಾತ್ರಿಯಿತ್ತು. ಅದಕ್ಕೂ ಹೊಟ್ಟೆ ಉರಿಯಿತು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಈಗಲೂ ಪ್ರತಿ ಮದುವೆಗೆ ಮೊದಲು ಮನೆಯವರ ಹತ್ತಿರ ಹೋಗಿ ಕೂರುತ್ತೇನೆ, ಫುಟೇಜ್ ಪೂರ್ತಿ ನೋಡಿಯೇ ಬರೆಯುತ್ತೇನೆ, ಬಾಯಿ ಮುಚ್ಚಿ ಕ್ಯಾಮೆರಾ ಹಿಡಿಯುತ್ತೇನೆ. ಕೆಲಸಕ್ಕೆ ಕೊರತೆಯಿಲ್ಲ. ಮೊನ್ನೆ ಒಂದು ಮನೆಗೆ ಮಾತಾಡಲು ಹೋದಾಗ, "ಇಂಥದ್ದು ಬೇಕು" ಎಂದು ಟಿವಿಯಲ್ಲಿ ಒಂದು ವಿಡಿಯೋ ಹಾಕಿದರು. ಮೊದಲ ಶಾಟಿಗೇ ಗೊತ್ತಾಯಿತು, ಅವಳದ್ದು. ನಾನು ಸೆರಗಿನ ಕೆಳಗೆ ಬೆರಳು ಮಡಚಿ ಸೆಕೆಂಡು ಎಣಿಸತೊಡಗಿದೆ. ಅಜ್ಜಿಯೊಬ್ಬಳು ಮೊಮ್ಮಗಳನ್ನು ಕಳಿಸಿ ಬಾಗಿಲು ಹಿಡಿದು ನಿಂತ ಶಾಟ್ ಹದಿನಾಲ್ಕಕ್ಕೆ ಹೋಯಿತು. ಅತಿಯಾಯಿತು, ಹತ್ತಕ್ಕೆ ಕಟ್ ಮಾಡಬೇಕಿತ್ತು ಎಂದು ಒಳಗೊಳಗೇ ಖುಷಿಪಟ್ಟೆ. "ಇನ್ನೊಮ್ಮೆ ಹಾಕಿ" ಎಂದೆ, ತಪ್ಪನ್ನು ಸರಿಯಾಗಿ ನೋಡಿಕೊಳ್ಳಲು. ಹನ್ನೆರಡನೆಯ ಸೆಕೆಂಡಿಗೆ ಅಜ್ಜಿ ಬಾಗಿಲಿನಿಂದ ಕೈ ತೆಗೆಯುವುದು ಕಂಡಿತು. ಹತ್ತಕ್ಕೆ ಕಟ್ ಮಾಡಿದ್ದರೆ ನಾನು ಅದನ್ನೇ ಕಳೆಯುತ್ತಿದ್ದೆ.