ನಾನು ಕೊಟ್ಟ ಒತ್ತು

"ಭಾನ್ವಾರ ಆರ್ ಗಂಟೆಗೆ ನೀರ್ ಬತ್ತದಂತೆ, ಅಲ್ವಾ ಸಾಮಿ? ಬೋರ್ಡ್‌ನಾಗೆ ಬರ್ದವ್ರಂತೆ. ಮಕ್ಳನ್ನೂ ಕರ್ಕೊಂಡ್ ಬತ್ತೀನಿ, ಒಂದೊಂದ್ ಬಿಂದಿಗೆ ಹೊರ್ತವೆ."

ಕಳೆದ ಶನಿವಾರ ಬೆಳಿಗ್ಗೆ ಅಲ್ಲಾಳಸಂದ್ರದ ನಮ್ಮ ಬಸ್ ಸ್ಟಾಪಿನ ನಲ್ಲಿಯ ಹತ್ತಿರ ನಾಗಮ್ಮ ನನಗೆ ಹೇಳಿದ ಮಾತು. ಕೆರೆ ಏರಿಯ ಮೇಲೆ ಗುಡಿಸಲು ಹಾಕಿಕೊಂಡು ಚಾಪೆ ಹೆಣೆಯುವ ಏಳೆಂಟು ಸಂಸಾರಗಳಲ್ಲಿ ಅವಳದೂ ಒಂದು. ಅಕ್ಷರ ಬಾರದು. ನೀರು ಬಿಡುವ ಹೊತ್ತನ್ನು ನಲ್ಲಿಯ ಪಕ್ಕದ ಬೋರ್ಡಿನ ಮೇಲೆಯೇ ಬರೆಯುವುದು, ಹಾಗಾಗಿ ದಿನಾ ಯಾರನ್ನಾದರೂ ಕೇಳುತ್ತಾಳೆ. ಹಿಂದಿನ ದಿನ ಕೇಳಿದಾಗ ಯಾರೋ ಪುಣ್ಯಾತ್ಮ 'ಭಾನುವಾರ, ಆರು ಗಂಟೆ' ಎಂದಷ್ಟೇ ಓದಿ ಹೇಳಿದ್ದಾನೆ.

ಬೋರ್ಡ್ ನೋಡಿದೆ. ಅಲ್ಲಿ ಬರೆದಿದ್ದದ್ದು ಇದು:

"ಏರಿಯವರು ಮಕ್ಕಳ ಕಳ್ಳರು. ಭಾನುವಾರ ಆರಕ್ಕೆ ನಲ್ಲಿ ಹತ್ತಿರ ಎಲ್ಲರೂ ದೊಣ್ಣೆ ತನ್ನಿ. ಒಬ್ಬರನ್ನೂ ಬಿಡಬಾರದು."

ಆ ಕರಿ ಬೋರ್ಡ್ ಹಾಕಿಸಿದವನು ನಾನೇ. ಎಮರ್ಜೆನ್ಸಿ ಕಾಲದಲ್ಲಿ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವನು ನಾನು. ಸೆನ್ಸಾರಿನವರು ಸಾಲು ಸಾಲೇ ಕೊಚ್ಚಿಹಾಕಿದ್ದನ್ನು ಕಣ್ಣಾರೆ ಕಂಡವನು. ಅದು ಮುಗಿದ ಮೇಲೆ ಕಾಲೋನಿಯವರಿಗೆ ಸಾರಿದೆ: ಯಾರು ಏನು ಬೇಕಾದರೂ ಬರೆಯಿರಿ, ಯಾರೂ ಅಳಿಸಬಾರದು. (ಆಗ ನನ್ನ ಎದೆ ಎಷ್ಟು ಉಬ್ಬಿತ್ತು ಅಂತೀರಿ!)

ಈ ಕಥೆ ಶುರುವಾದದ್ದು ಹದಿನೈದು ದಿನದ ಹಿಂದೆ. ಮೊದಲು "ಏರಿಯವರು ಕೊಳಕರು" ಎಂದು ಬಂತು. ಕೆಟ್ಟ ಮಾತು. ಅಳಿಸಲಿಲ್ಲ. ನನ್ನ ಹೆಂಡತಿ ಕೆಳಗೇ ಬರೆದಳು: "ನಿಮ್ಮ ಮನೆ ಚಾಪೆ ಹೆಣೆದವರು ಯಾರು?" ಜನ ಓದಿ ನಕ್ಕರು. ಮಾತಿಗೆ ಮಾತು, ಅಲ್ಲಿಗೆ ಮುಗಿಯಿತು.

ಆಮೇಲೆ ಬಂದದ್ದು "ಏರಿಯವರು ಮಕ್ಕಳ ಕಳರು". ಯಾರ ಮನೆ ಮಗು ಕಳೆದಿದೆ? ಯಾರದೂ ಇಲ್ಲ. ಒಬ್ಬನ ಮೇಲಿನ ದೂರೂ ಅಲ್ಲ, ಇಡೀ ಗುಂಪಿನ ಮೇಲೆ ಹಚ್ಚಿದ ಮಸಿ. ಅವರೇ ಉತ್ತರ ಕೊಡಲಿ ಎಂದರೆ ತಮ್ಮ ಮೇಲೆ ಏನು ಬರೆದಿದೆ ಎಂಬುದೇ ಅವರಿಗೆ ಗೊತ್ತಿಲ್ಲ. ಎಲ್ಲರಿಗೂ ತೆರೆದ ಬೋರ್ಡ್ ಅಂತೆ! ಸೀಮೆಸುಣ್ಣ ಹಿಡಿಯಲು ಬರುವವರಿಗೆ ಮಾತ್ರ ತೆರೆದದ್ದು ಎಂದು ನನಗೆ ಹೊಳೆಯಲೇ ಇಲ್ಲ.

ನಾನೇನು ಮಾಡಿದೆ ಗೊತ್ತೇ? ಹೇಳಲು ನಾಚಿಕೆಯಾಗುತ್ತದೆ. 'ಕಳರು' ಅಂತ ಇತ್ತಲ್ಲ, ಪ್ರೂಫ್ ನೋಡಿದ ಕೈ ಸುಮ್ಮನಿರಲಿಲ್ಲ. ಬಸ್ಸಿಗೆ ಕಾಯುತ್ತಾ ಳಕಾರಕ್ಕೆ ಒತ್ತು ಕೊಟ್ಟು ಬಂದೆ! ದೊಣ್ಣೆಯ ಮಾತು ಅದರ ಕೆಳಗೆ ಸೇರಿದ್ದು ಆಮೇಲೆ.

ನಾಗಮ್ಮನಿಗೆ, "ನಾಳೆ ಬರ್ಬೇಡಮ್ಮ, ಮಕ್ಕಳನ್ನಂತೂ ಕಳಿಸ್ಲೇಬೇಡ" ಎಂದು ಹೇಳಿ, ಬೋರ್ಡಿನಲ್ಲಿದ್ದದ್ದನ್ನು ಓದಿದೆ. ಸೊಂಟದ ಬಿಂದಿಗೆ ಕೆಳಗಿಟ್ಟಳು. "ನಮ್ ಮಕ್ಳನ್ನೇ ಸಾಕಕ್ಕಾಗಕಿಲ್ಲ, ಊರೋರ್ ಮಕ್ಳನ್ ತಗಂಡ್ ಏನ್ ಮಾಡಾನ ಸಾಮಿ?" ಎಂದಳು.

ಅವಳ ಎದುರಿಗೇ ಬಟ್ಟೆ ಒದ್ದೆ ಮಾಡಿ ಬೋರ್ಡ್ ಒರೆಸತೊಡಗಿದೆ. ಅವಳು ಬಿಂದಿಗೆ ಎತ್ತಿಕೊಂಡು ಏರಿಯತ್ತ ಹೋದ ಮೇಲೆ ಹಳೇ ಊರಿನ ಜಮೀನುದಾರ ರಾಮಣ್ಣ ಸೈಕಲ್ ನಿಲ್ಲಿಸಿದ.

"ಇದೇನ್ ಸಾರ್, ಇಂಗೆ ಅಳಿಸ್ತಾ ಇದೀರಿ? ಯಾರೂ ಅಳಿಸ್ಬಾರ್ದು ಅಂತ ನೀವೇ ಏಳಿದ್ರಿ. ಮತ್ತೆ ಎಮರ್ಜೆನ್ಸಿ ಬಂತಾ?"

"ಕೊಳಕರು ಅಂದಾಗ ಅಳಿಸಿದ್ನೇನ್ರೀ? ಅದು ಅಭಿಪ್ರಾಯ, ನಂಗೆ ಎಷ್ಟೇ ಉರಿದ್ರೂ ಇರ್ಲಿ. ಇದು ದಿನ, ಹೊತ್ತು, ಜಾಗ ಗೊತ್ತು ಮಾಡಿ ದೊಣ್ಣೆ ತನ್ನಿ ಅಂತ ಕರೆಯೋದು. ಇದೇ ಸುಳ್ಳನ್ನ ಯಾರಾದ್ರೂ ಮನೇಲಿ ಕೂತು ಗೊಣಗಿದ್ರೆ ನಾಲ್ಕು ಮಾತು ಹೇಳಿ ತಿದ್ದಬಹುದಿತ್ತು. ಅವ್ರು ನೀರಿಗೆ ಬರೋ ಜಾಗದಲ್ಲೇ, ಸಿಟ್ಟಾದ ಜನರ ಮುಂದೆ ಬರೆದ್ರೆ? ಉತ್ತರ ಕೊಡೋಕೆ ಪುರುಸೊತ್ತು ಎಲ್ಲಿದೆ? ಅಷ್ಟರಲ್ಲಿ ತಲೆ ಒಡೆದಿರುತ್ತೆ. ವಾಕ್ ಸ್ವಾತಂತ್ರ್ಯ ಕೊಟ್ಟ ಸಂವಿಧಾನವೇ ಅದಕ್ಕೆ ಮಿತೀನೂ ಹಾಕಿದೆ. ಗುಂಪು ಗುಂಪುಗಳ ಮಧ್ಯೆ ದ್ವೇಷ ಹಚ್ಚೋದು ಅಪರಾಧ ಕಣ್ರೀ."

ರಾಮಣ್ಣ ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ. ಬರೆದವನೂ ಅವನಲ್ಲವಂತೆ. ಆದರೆ ನಾಳೆ ದೊಣ್ಣೆ ಹಿಡಿದು ಬರುವವನಿದ್ದ.

"ಅಲ್ಲಾ ಸಾರ್, ಮೊದ್ಲು ನಾನೂ ನಂಬಿರ್ಲಿಲ್ಲ. ಆಮೇಲೆ ನೀವೇ ಒತ್ತು ಆಕಿ ತಿದ್ದುದ್ದು ನೋಡ್ದೆ. ಓದ್ದೋರೇ ತಿದ್ದವ್ರೆ ಅಂದ್ರೆ ನಿಜಾನೇ ಇರ್ಬೇಕು ಅಂದ್ಕಂಡೆ. ಸುಳ್ಳಾಗಿದ್ರೆ ನೀವ್ಯಾಕೆ ತಿದ್ದುತಿದ್ರಿ?"

ಅಯ್ಯೋ ದೇವರೇ! "ಕಾಗುಣಿತ ತಿದ್ದಿದ್ದಷ್ಟೇ ಕಣ್ರೀ, ಮಾತು ಶುದ್ಧ ಸುಳ್ಳು" ಎಂದೆ. ಬೋರ್ಡಿನಲ್ಲಿ ಇನ್ನೂ ಅಳಿಸದೆ ಉಳಿದಿದ್ದದ್ದು ಆ ಒತ್ತು; ಬರೆದವನ ಅಕ್ಷರಕ್ಕಿಂತ ದುಂಡಗಿತ್ತು.

ಭಾನುವಾರ ಆರಕ್ಕೆ ನಾನು, ನನ್ನ ಹೆಂಡತಿ, ರಾಮಣ್ಣ ನಲ್ಲಿಯ ಮುಂದೆ ನಿಂತೆವು. ಆರು ಜನ ದೊಣ್ಣೆ ಹಿಡಿದು ಬಂದರು. ರಾಮಣ್ಣ ಗದರಿ ವಾಪಸು ಕಳಿಸಿದ. ಏರಿಯ ಮೇಲೆ ಹೋಗಿ ನೋಡಿದರೆ ಗುಡಿಸಲುಗಳಿಲ್ಲ. ಅರ್ಧ ಹೆಣೆದ ಚಾಪೆಯೊಂದು ಬಿದ್ದಿತ್ತು. ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋದರೋ.

ಹೊರಡುವ ಮುನ್ನ, ಶನಿವಾರ ನಲ್ಲಿಯ ಹತ್ತಿರ ನಾಗಮ್ಮ ಒಂದೇ ಒಂದು ಪ್ರಶ್ನೆ ಕೇಳಿದ್ದಳು, "ಅದನ್ನ ಬರ್ದೋರು ಯಾರು ಸಾಮಿ?" ಅಂತ.

"ಗೊತ್ತಿಲ್ಲಮ್ಮ" ಅಂದುಬಿಟ್ಟೆ. ಅದರಲ್ಲಿದ್ದ ಒಂದು ಒತ್ತು ಯಾರದೆಂದು ಚೆನ್ನಾಗಿ ಗೊತ್ತಿತ್ತು. ಅಕ್ಷರ ಬಾರದವಳಿಗೆ ಸುಳ್ಳು ಹೇಳುವುದು ನಮ್ಮಂಥವರಿಗೆ ಎಷ್ಟು ಸುಲಭ, ನೋಡಿದಿರಾ?