ಕಾಫಿ ಫೋಟೋದ ಕೊನೆಯ ಸಾಲು

ಕೌಲ್ ಬಜಾರಿನ ಸ್ಟುಡಿಯೊ ಒಂದರಲ್ಲಿ ಮದುವೆ ಆಲ್ಬಂ ಜೋಡಿಸುವ ಅರುಣಾಗೆ ಫೋಟೋದ ಕೆಳಗೆ ಮಾತು ಬರೆಯುವುದು ದಿನದ ಕೆಲಸ. ಆದರೆ ಆ ಮುಂಜಾನೆ, ಕಂಟೋನ್ಮೆಂಟಿನ ತನ್ನ ಮನೆಯ ಬಾಲ್ಕನಿಯಲ್ಲಿ ತೆಗೆದ ಕಾಫಿಯ ಫೋಟೋಗೆ ಏನು ಬರೆದರೂ ಹೊಂದಲಿಲ್ಲ.

ಫೋಟೋ ಚೆನ್ನಾಗಿಯೇ ಬಂದಿತ್ತು. ಎಳೆ ಬೆಳಕು ಪಕ್ಕದಿಂದ ಬಿದ್ದು, ಇನ್ನೂ ಕಪ್ಪಾಗಿದ್ದ ಗುಡ್ಡದ ಮುಂದೆ ಲೋಟದ ಹಬೆ ಎದ್ದು ಕಾಣುತ್ತಿತ್ತು. "ಹೊಸ ದಿನ, ಹೊಸ ಭರವಸೆ" ಎಂದು ಬರೆದಳು. ಯಾವ ಫೋಟೋಗಾದರೂ ಒಪ್ಪುವ ಮಾತು, ಅಳಿಸಿದಳು. "ಹಬೆಯಾಡುವ ಕಾಫಿ" ಎಂದಳು. ಹಬೆ ಕಣ್ಣಿಗೇ ಕಾಣುತ್ತದೆ, ಅದನ್ನೂ ಅಳಿಸಿದಳು. ಕಾಣದ್ದು ಏನಿದೆ? "ಘಮ" ಎಂದು ಒತ್ತಿದ ಬೆರಳು ಅಲ್ಲೇ ನಿಂತಿತು.

ಜ್ವರ ಬಂದು ಹೋದಾಗಿನಿಂದ ಅವಳಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಫಿಲ್ಟರಿಗೆ ಪುಡಿ ಹಾಕಿ, ಹಗುರಾಗಿ ಒತ್ತಿ, ಕುದಿನೀರು ಸುರಿದು, ಡಿಕಾಕ್ಷನ್ ತೊಟ್ಟಿಕ್ಕುವ ಸದ್ದಿಗೇ ಕಿವಿಗೊಟ್ಟು ಕೂರುತ್ತಿದ್ದಳು.

ಕೊನೆಗೆ ಬರೆದಳು:

"ಡಿಕಾಕ್ಷನ್ ನಿಧಾನಕ್ಕೆ ಇಳಿಯಿತು.
ಲೋಟ ಬೆರಳಿಗೆ ಬಿಸಿ.
ಇದರ ವಾಸನೆ ಹೇಗಿತ್ತೆಂದು ನೆನಪಿಸಿಕೊಳ್ಳುತ್ತಿದ್ದೇನೆ."

ಹೂವು, ಹೃದಯದ ಚಿಹ್ನೆ ಯಾವುದನ್ನೂ ಸೇರಿಸದೆ ಪೋಸ್ಟ್ ಮಾಡಿದಳು. ಮೊದಲ ಎರಡು ಸಾಲಷ್ಟೇ ಹೊರಗೆ ಕಾಣುತ್ತವೆ, ಉಳಿದದ್ದು "ಇನ್ನಷ್ಟು" ಒತ್ತಿದವರಿಗೆ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿಯೇ ವಾಸನೆಯ ಮಾತನ್ನು ಕೊನೆಗಿಟ್ಟಿದ್ದಳು. ಕುರುಗೋಡಿನ ಅಕ್ಕ ಚನ್ನವೀರಮ್ಮ "ಕಾಫಿ ಚಲೋ ಐತಿ" ಎಂದಷ್ಟೇ ಬರೆದಳು.

ಒತ್ತಿ ಓದಿದವನು ಗಂಡ ಸಂಗಮೇಶ್. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದ. ಮನೆಗೆ ಬಂದವನು ಚಪ್ಪಲಿ ಬಿಡುತ್ತಲೇ ಕೇಳಿದ.

"ವಾಸನಿ ಬರಂಗಿಲ್ಲೇನು ನಿನಗ?"

"ಇಲ್ರಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಖರೇನ ಹೋತು ಅನ್ನಿಸ್ತಿತ್ತು."

ಅವಳು ಕೊಟ್ಟ ಕಾಫಿ ಲೋಟವನ್ನು ಅವನು ಮೂಗಿನ ಹತ್ತಿರ ಹಿಡಿದು ಮೂಸಿದ. ಅವಳಿಗೆ ಕುತೂಹಲ ತಡೆಯಲಾಗಲಿಲ್ಲ.

"ಹೆಂಗೈತಿ, ಹೇಳ್ರಿ."

"ಹುರಿದ ಶೇಂಗಾದ ಸಿಪ್ಪಿ ಇದ್ದಂಗ," ಎಂದ. ಮತ್ತೆ ಮೂಸಿದ. "ಅಲ್ಲ, ಅದಕಿಂತ ಕಹಿ. ಆಮ್ಯಾಲ ಹಾಲು ಬಂದು ಮೆತ್ತಗ ಮಾಡತೈತಿ."

ಅದೇ ವಾರ ಇಬ್ಬರೂ ಡಾಕ್ಟರ ಬಳಿ ಹೋದರು. ಲವಂಗ, ನಿಂಬೆ ಸಿಪ್ಪೆ, ಕಾಫಿ ಪುಡಿ ಇಂಥವನ್ನು ದಿನವೂ ಗಮನವಿಟ್ಟು ಮೂಸಿರಿ; ವಾಸನೆ ಮರಳಬಹುದು, ಮೊದಮೊದಲು ಕೆಟ್ಟದಾಗಿಯೂ ಬರಬಹುದು, ಖಾತ್ರಿಯಿಲ್ಲ, ಎಂದರು ಅವರು. ಅರುಣಾ ಬಾಲ್ಕನಿಯಲ್ಲಿ ಡಬ್ಬಿ ಸಾಲಾಗಿಟ್ಟು ಕೂರತೊಡಗಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕಾಫಿ ಡಬ್ಬಿ ತೆಗೆದವಳು ಮುಖ ಸಿಂಡರಿಸಿದಳು.

"ರೀ, ಟೈರ್ ಸುಟ್ಟಂಗ ನಾರತೈತಿ."

ಸಂಗಮೇಶ್ ಡಬ್ಬಿ ಇಸಿದುಕೊಂಡು ಮೂಸಿದ. "ಪುಡಿ ಚಲೋ ಐತಲ್ಲ."

"ಇರಲಿ, ತರ್ರಿ ಇಲ್ಲಿ," ಎಂದು ಕಸಿದುಕೊಂಡು ಅವಳು ಮತ್ತೊಮ್ಮೆ ಆಳವಾಗಿ ಉಸಿರೆಳೆದಳು.